ರಿಮೋಟ್ ಕೆಲಸ ಹುಡುಕುವಾಗ ಮೊದಲು ಜಾಹೀರಾತು ಓದಿ, ಆಮೇಲೆ ರೆಸ್ಯೂಮೆ ತಿದ್ದಿ

ಪ್ರಶ್ನೆ: ನಾಲ್ಕು ವರ್ಷದಿಂದ ಗ್ರಾಹಕ ಸೇವೆಯ ಕೆಲಸದಲ್ಲಿದ್ದೇನೆ, ಇದುವರೆಗೂ ಕಚೇರಿಗೆ ಹೋಗಿಯೇ ಮಾಡಿದ್ದು. ಈಗ ಮನೆಯಿಂದ ಮಾಡುವ ಪೂರ್ಣಾವಧಿ ಕೆಲಸ ಬೇಕು. ಜಾಬ್ ಪೋರ್ಟಲ್‌ಗಳಲ್ಲಿ ದಿನಾ ಹತ್ತು ಹದಿನೈದು ಅರ್ಜಿ ಹಾಕುತ್ತಿದ್ದೇನೆ, ಒಂದು ಸಂದರ್ಶನಕ್ಕೂ ಕರೆ ಬಂದಿಲ್ಲ. ಪ್ರತಿ ಕೆಲಸಕ್ಕೂ ರೆಸ್ಯೂಮೆ ಬದಲಿಸಬೇಕು ಎನ್ನುತ್ತಾರೆ. ಏನನ್ನು ಬದಲಿಸಬೇಕು, ಎಷ್ಟು ಬದಲಿಸಬೇಕು?

ಉತ್ತರ: ರೆಸ್ಯೂಮೆಗೆ ಕೈಹಾಕುವ ಮೊದಲು ಒಂದು ಕೆಲಸ ಮಾಡಿ. ಈಗಾಗಲೇ ಅರ್ಜಿ ಹಾಕಿರುವ ಜಾಹೀರಾತುಗಳಲ್ಲಿ ಐದಾರನ್ನು ಮತ್ತೆ ತೆರೆದು, ಸ್ಥಳದ ಸಾಲನ್ನು ಮಾತ್ರ ನಿಧಾನವಾಗಿ ಓದಿ. ‘ರಿಮೋಟ್’ ಎಂಬ ಪದದ ಪಕ್ಕದಲ್ಲೋ ಜಾಹೀರಾತಿನ ಕೊನೆಯ ಪ್ಯಾರಾದಲ್ಲೋ ಒಂದು ದೇಶದ ಹೆಸರು, ಒಂದು ಪ್ರದೇಶದ ಹೆಸರು ಅಥವಾ ಒಂದು ಕಾಲವಲಯದ ಹೆಸರು ಇರುವ ಸಾಧ್ಯತೆ ಹೆಚ್ಚು. ನೀವಿರುವ ಜಾಗ ಅದರೊಳಗೆ ಬರದಿದ್ದರೆ, ಎಷ್ಟೇ ಚೆನ್ನಾಗಿ ತಿದ್ದಿದ ರೆಸ್ಯೂಮೆ ಕಳಿಸಿದರೂ ಫಲವಿಲ್ಲ. ಉತ್ತರವೇ ಬಾರದ ಅರ್ಜಿಗಳ ಕಂತೆ ಹಿಡಿದು ಬರುವವರಲ್ಲಿ ನಾನು ಮೊದಲು ನೋಡುವುದು ಈ ಸಾಲನ್ನೇ.

ಪೋರ್ಟಲ್‌ನಲ್ಲಿ Remote ಎಂಬ ಫಿಲ್ಟರ್ ಒತ್ತಿದಾಗ ತಿಳಿಯುವುದು ಒಂದೇ ವಿಷಯ, ಕಚೇರಿಗೆ ಬರಬೇಕಿಲ್ಲ ಎಂಬುದು. ಎಲ್ಲಿ ಕುಳಿತು ಮಾಡಬಹುದು ಎಂಬುದನ್ನು ಅದು ಹೇಳುವುದಿಲ್ಲ. ಕಂಪನಿಯು ಒಬ್ಬರನ್ನು ಖಾಯಂ ನೌಕರರಾಗಿ ಸೇರಿಸಿಕೊಳ್ಳಬೇಕಾದರೆ ಅವರು ವಾಸವಿರುವ ದೇಶದ ತೆರಿಗೆ ಮತ್ತು ಕಾರ್ಮಿಕ ಕಾನೂನಿನ ಪ್ರಕಾರ ಸಂಬಳ ಕೊಡಬೇಕು. ಅದಕ್ಕೆ ಸಾಮಾನ್ಯವಾಗಿ ಅಲ್ಲಿ ತನ್ನದೇ ನೋಂದಾಯಿತ ಸಂಸ್ಥೆ ಇರಬೇಕು, ಇಲ್ಲವೇ ಡೀಲ್ ಅಥವಾ ಆಯ್ಸ್ಟರ್‌ನಂಥ ಮಧ್ಯವರ್ತಿ ಕಂಪನಿಯ ಮೂಲಕ ನೇಮಕ ಮಾಡಿಕೊಳ್ಳಬೇಕು. ಎರಡೂ ಇಲ್ಲದ ಕಂಪನಿ ನಿಮ್ಮನ್ನು ಸಾಮಾನ್ಯವಾಗಿ ಗುತ್ತಿಗೆಯ ಮೇಲಷ್ಟೇ ತೆಗೆದುಕೊಳ್ಳುತ್ತದೆ. ಜಾಹೀರಾತಿನಲ್ಲಿ ಪೂರ್ಣಾವಧಿ ಎಂದಿದ್ದರೂ ಅದು ಕೆಲವೊಮ್ಮೆ ವಾರಕ್ಕೆ ನಲವತ್ತು ಗಂಟೆ ದುಡಿಯುವ ಗುತ್ತಿಗೆಯಾಗಿರುತ್ತದೆ. ಆಗ ಸಂಬಳಸಹಿತ ರಜೆ, ವಿಮೆ, ನೋಟಿಸ್ ಅವಧಿ ಇವೆಲ್ಲ ಒಪ್ಪಂದದಲ್ಲಿ ಬರೆದಿದ್ದರೆ ಮಾತ್ರ ಸಿಗುತ್ತವೆ, ತೆರಿಗೆ ಕಟ್ಟುವ ಹೊಣೆಯೂ ನಿಮ್ಮದೇ. ಗುತ್ತಿಗೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ಆದರೆ ನಿಮಗೆ ಬೇಕಾದದ್ದು ಅದಲ್ಲ. ಆದ್ದರಿಂದ ಮೊದಲ ಕರೆಯಲ್ಲೇ ಕೇಳಿಬಿಡಿ: ನೇಮಕ ನೌಕರರಾಗಿಯೋ, ಗುತ್ತಿಗೆದಾರರಾಗಿಯೋ?

ಸ್ಥಳದ ತೊಡಕು ನಿಮ್ಮನ್ನು ಕೆಡವುತ್ತಿದೆಯೇ ಎಂದು ತಿಳಿಯಲು ಒಂದು ಗುರುತಿದೆ. ಅರ್ಜಿಯ ಕೊನೆಯಲ್ಲಿ ‘ಈ ದೇಶದಲ್ಲಿ ಕೆಲಸ ಮಾಡಲು ನಿಮಗೆ ಕಾನೂನುಬದ್ಧ ಅನುಮತಿ ಇದೆಯೇ’, ‘ವೀಸಾ ಪ್ರಾಯೋಜನೆ ಬೇಕೇ’ ಎಂಬಂಥ ಪ್ರಶ್ನೆಗಳಿರುತ್ತವಲ್ಲ, ನೇಮಕಾತಿಯವರು ಅವನ್ನು ನಾಕ್‌ಔಟ್ ಪ್ರಶ್ನೆಗಳು ಎನ್ನುತ್ತಾರೆ. ತಪ್ಪು ಉತ್ತರ ಬಿದ್ದ ಅರ್ಜಿಯನ್ನು ತಂತ್ರಾಂಶವೇ ಬದಿಗೆ ಸರಿಸುವಂತೆ ಹೊಂದಿಸಿರಬಹುದು. ಅರ್ಜಿ ಹಾಕಿದ ಕೆಲವೇ ನಿಮಿಷಗಳಲ್ಲಿ, ಅದೂ ನಡುರಾತ್ರಿಯಲ್ಲಿ, ‘ವಿಷಾದಿಸುತ್ತೇವೆ’ ಎಂಬ ಇಮೇಲ್ ಬಂದಿದ್ದರೆ ನಿಮ್ಮ ರೆಸ್ಯೂಮೆಯನ್ನು ಬಹುತೇಕ ಯಾರೂ ತೆರೆದೇ ಇಲ್ಲ. ಇದಕ್ಕೆ ಮದ್ದು ರೆಸ್ಯೂಮೆಯಲ್ಲಿಲ್ಲ, ಜಾಹೀರಾತಿನ ಆಯ್ಕೆಯಲ್ಲಿದೆ. ಹಾಗೆಂದು ಆ ಪ್ರಶ್ನೆಗಳಿಗೆ ಸುಳ್ಳು ಉತ್ತರ ಕೊಡಬೇಡಿ. ದಾಖಲೆ ಪರಿಶೀಲನೆಯ ಹಂತದಲ್ಲಿ ಅದು ಬಯಲಾಗುತ್ತದೆ, ಅಷ್ಟು ಹೊತ್ತಿಗೆ ನೀವು ವಾರಗಟ್ಟಲೆ ಸಮಯ ಕಳೆದುಕೊಂಡಿರುತ್ತೀರಿ.

ಈಗ ಎಲ್ಲಿ ಹುಡುಕಬೇಕು ಎಂಬ ಮಾತು. ಲಿಂಕ್ಡ್‌ಇನ್, ಇಂಡೀಡ್‌ನಂಥ ದೊಡ್ಡ ತಾಣಗಳಲ್ಲಿ ಸಂಖ್ಯೆ ಹೆಚ್ಚು, ಕಸವೂ ಹೆಚ್ಚು. ರಿಮೋಟ್ ಕೆಲಸಕ್ಕೆಂದೇ ಇರುವ ತಾಣಗಳು ಚಿಕ್ಕವು. ಅವುಗಳಲ್ಲಿ ವಿ ವರ್ಕ್ ರಿಮೋಟ್ಲಿ ಜಾಹೀರಾತು ಹಾಕುವ ಕಂಪನಿಯಿಂದ ಹಣ ಪಡೆಯುತ್ತದೆ, ಹಾಗಾಗಿ ಸುಮ್ಮನೆ ಹಾಕಿಬಿಡುವ ಜಾಹೀರಾತು ಕಡಿಮೆ. ಫ್ಲೆಕ್ಸ್‌ಜಾಬ್ಸ್ ಕೆಲಸ ಹುಡುಕುವವರಿಂದ ಚಂದಾ ಪಡೆದು ಜಾಹೀರಾತುಗಳನ್ನು ಪರಿಶೀಲಿಸಿ ಕೊಡುತ್ತದೆ. ಚಂದಾ ಕಟ್ಟುವ ಮೊದಲು ಅಲ್ಲಿನ ಕೆಲಸಗಳು ನಿಮ್ಮ ದೇಶದವರಿಗೆ ತೆರೆದಿವೆಯೇ ಎಂದು ಉಚಿತ ಹುಡುಕಾಟದಲ್ಲೇ ನೋಡಿಕೊಳ್ಳಿ.

ನನಗೆ ಹೆಚ್ಚು ನಂಬಿಕೆ ಇರುವುದು ಮೂರನೆಯ ದಾರಿಯಲ್ಲಿ. ಬಹಳಷ್ಟು ಕಂಪನಿಗಳು ಅರ್ಜಿ ಪಡೆಯಲು ಗ್ರೀನ್‌ಹೌಸ್, ಲೀವರ್, ಆ್ಯಶ್‌ಬಿ ಎಂಬ ತಂತ್ರಾಂಶಗಳನ್ನು ಬಳಸುತ್ತವೆ. ಪೋರ್ಟಲ್‌ನಲ್ಲಿ ಕಾಣುವುದು ಅನೇಕ ಸಲ ಅಲ್ಲಿನ ಜಾಹೀರಾತಿನ ನಕಲು. ಮೂಲ ಪುಟ ಮುಚ್ಚಿದ ಮೇಲೂ ನಕಲು ವಾರಗಟ್ಟಲೆ ಉಳಿದಿರಬಹುದು. ಆ ಮೂಲ ಪುಟಗಳನ್ನು ಗೂಗಲ್‌ನಲ್ಲಿ ನೇರವಾಗಿ ಹೀಗೆ ಹುಡುಕಬಹುದು:

```
site:jobs.lever.co "customer support" remote
site:greenhouse.io "support specialist" remote
site:jobs.ashbyhq.com "customer experience" remote
```

ಉದ್ಧರಣ ಚಿಹ್ನೆಯೊಳಗಿನ ಪದಗಳು ಒಟ್ಟಿಗೆ, ಅದೇ ಕ್ರಮದಲ್ಲಿ ಇರುವ ಪುಟಗಳು ಸಿಗುತ್ತವೆ. ಗೂಗಲ್‌ನ ಸಮಯದ ಫಿಲ್ಟರ್ ಹಾಕಿ ಕಳೆದ ಒಂದು ವಾರಕ್ಕೆ ಮಿತಿಗೊಳಿಸಿ. ಹುದ್ದೆಯ ಹೆಸರನ್ನು ಮಾತ್ರ ಒಂದಕ್ಕೇ ಕಟ್ಟಿಹಾಕಬೇಡಿ. ನೀವು ಮಾಡುವ ಕೆಲಸಕ್ಕೇ ಒಂದು ಕಡೆ ಕಸ್ಟಮರ್ ಸಪೋರ್ಟ್, ಇನ್ನೊಂದು ಕಡೆ ಕಸ್ಟಮರ್ ಎಕ್ಸ್‌ಪೀರಿಯನ್ಸ್, ಮತ್ತೊಂದು ಕಡೆ ಮೆಂಬರ್ ಸಪೋರ್ಟ್ ಎನ್ನುತ್ತಾರೆ. ವರ್ಡ್‌ಪ್ರೆಸ್ ಡಾಟ್ ಕಾಮ್ ನಡೆಸುವ ಆಟೊಮ್ಯಾಟಿಕ್ ಕಂಪನಿಯಲ್ಲಿ ಅದರ ಹೆಸರು ಹ್ಯಾಪಿನೆಸ್ ಎಂಜಿನಿಯರ್. ‘ಸಪೋರ್ಟ್’ ಎಂದಷ್ಟೇ ಹುಡುಕಿದವರಿಗೆ ಇಂಥವು ಕಾಣದೇ ಹೋಗಬಹುದು.

ಪೋರ್ಟಲ್‌ನಲ್ಲಿ ಒಂದು ಕೆಲಸ ಇಷ್ಟವಾದರೆ ಅಲ್ಲೇ Easy Apply ಒತ್ತದೆ ಕಂಪನಿಯ ಉದ್ಯೋಗ ಪುಟಕ್ಕೆ ಹೋಗಿ ಅದೇ ಹುದ್ದೆ ಅಲ್ಲಿದೆಯೇ ಎಂದು ನೋಡಿ. ಇಲ್ಲದಿದ್ದರೆ ಬಿಟ್ಟುಬಿಡಿ, ಇದ್ದರೆ ಅಲ್ಲಿಂದಲೇ ಅರ್ಜಿ ಹಾಕಿ. ಮೋಸದ ಜಾಹೀರಾತುಗಳೂ ಈ ಒಂದು ಪರೀಕ್ಷೆಯಲ್ಲೇ ಬಹುಪಾಲು ಸೋಲುತ್ತವೆ. ಸಂದರ್ಶನವನ್ನು ಟೆಲಿಗ್ರಾಮ್ ಅಥವಾ ವಾಟ್ಸ್‌ಆ್ಯಪ್ ಸಂದೇಶಗಳಲ್ಲೇ ಮುಗಿಸಿ, ಲ್ಯಾಪ್‌ಟಾಪ್‌ಗೋ ತರಬೇತಿಗೋ ಮೊದಲು ಹಣ ಕಟ್ಟಿ ಎಂದರೆ ಅಲ್ಲಿಗೆ ಮಾತು ನಿಲ್ಲಿಸಿ.

ಇಷ್ಟು ಜರಡಿ ಹಿಡಿದ ಮೇಲೆ ದಿನಕ್ಕೆ ಹದಿನೈದು ಜಾಹೀರಾತು ಉಳಿಯುವುದಿಲ್ಲ. ಒಂದೋ ಎರಡೋ ಉಳಿಯುತ್ತವೆ. ರೆಸ್ಯೂಮೆ ತಿದ್ದಲು ಬೇಕಾದ ಸಮಯ ಸಿಗುವುದೂ ಹಾಗೆಯೇ.

ತಿದ್ದುವ ಮುನ್ನ ಆಚೆ ಬದಿಯಲ್ಲಿ ಏನು ನಡೆಯುತ್ತದೆ ಎಂದು ತಿಳಿದಿರಬೇಕು, ಏಕೆಂದರೆ ಈ ವಿಷಯದಲ್ಲಿ ಹಬ್ಬಿರುವ ಭಯ ಬಹಳ. ಎಟಿಎಸ್ ಎಂದು ಕರೆಯುವ ಅರ್ಜಿ ನಿರ್ವಹಣಾ ತಂತ್ರಾಂಶ ರೆಸ್ಯೂಮೆಗೆ ಅಂಕ ಹಾಕಿ ಕಡಿಮೆ ಬಂದವನ್ನೆಲ್ಲ ತಾನೇ ಕಸಕ್ಕೆ ಎಸೆಯುತ್ತದೆ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಸಾಮಾನ್ಯವಾಗಿ ನಡೆಯುವುದು ಇದಕ್ಕಿಂತ ಸರಳ. ಆ ತಂತ್ರಾಂಶ ನಿಮ್ಮ ಕಡತದಿಂದ ಹೆಸರು, ಹುದ್ದೆ, ದಿನಾಂಕಗಳನ್ನು ಹೆಕ್ಕಿ ಪಟ್ಟಿ ಮಾಡುತ್ತದೆ. ನೇಮಕಾತಿಯ ವ್ಯಕ್ತಿ ಆ ಪಟ್ಟಿಯನ್ನು ಒಂದೊಂದಾಗಿ ತೆರೆಯುತ್ತಾರೆ, ಕೆಲವೊಮ್ಮೆ ಪದ ಹಾಕಿ ಹುಡುಕುತ್ತಾರೆ, ಸಂದರ್ಶನಕ್ಕೆ ಸಾಕಷ್ಟು ಜನ ಸಿಕ್ಕ ಮೇಲೆ ನಿಲ್ಲಿಸುತ್ತಾರೆ. ಉಳಿದ ರೆಸ್ಯೂಮೆಗಳು ತಿರಸ್ಕೃತವಾದದ್ದಲ್ಲ, ಅವುಗಳ ಸರದಿಯೇ ಬರಲಿಲ್ಲ. ರಿಮೋಟ್ ಹುದ್ದೆಗೆ ಅರ್ಜಿಗಳು ರಾಶಿ ಬೀಳುವುದರಿಂದ ಇದು ಇನ್ನೂ ಹೆಚ್ಚು. ಹಾಗಾಗಿ ಜಾಹೀರಾತು ಬಂದ ಒಂದೆರಡು ದಿನದಲ್ಲೇ ಅರ್ಜಿ ತಲುಪಬೇಕು, ಮತ್ತು ಮೊದಲ ಪುಟದ ಮೇಲಿನ ಮೂರನೇ ಒಂದು ಭಾಗದಲ್ಲೇ ‘ಇವರು ಈ ಕೆಲಸ ಮಾಡಿದ್ದಾರೆ’ ಎಂದು ಕಾಣಬೇಕು.

ತಂತ್ರಾಂಶ ನಿಮ್ಮ ಕಡತವನ್ನು ಸರಿಯಾಗಿ ಓದುತ್ತದೆಯೇ ಎಂದು ಮನೆಯಲ್ಲೇ ಪರೀಕ್ಷಿಸಿ. ಪಿಡಿಎಫ್ ತೆರೆದು, ಎಲ್ಲವನ್ನೂ ಆಯ್ದು ನಕಲಿಸಿ, ನೋಟ್‌ಪ್ಯಾಡ್‌ನಲ್ಲಿ ಅಂಟಿಸಿ. ಸಾಲುಗಳು ಕ್ರಮವಾಗಿ ಬಂದರೆ ಚಿಂತೆಯಿಲ್ಲ. ಎರಡು ಕಾಲಮ್‌ಗಳ ವಿನ್ಯಾಸವಿದ್ದರೆ ಎಡಗಡೆಯ ಕೌಶಲಗಳೂ ಬಲಗಡೆಯ ಅನುಭವವೂ ಕಲಸಿಕೊಂಡು ಬರಬಹುದು, ಚಿತ್ರದೊಳಗೆ ಬರೆದ ಅಕ್ಷರಗಳು ಬರುವುದೇ ಇಲ್ಲ. ಒಂದೇ ಕಾಲಮ್, ಸಾಮಾನ್ಯ ಶೀರ್ಷಿಕೆಗಳು, ಪುಟದ ಒಳಗೇ ಇಮೇಲ್ ಮತ್ತು ಫೋನ್ ಇದ್ದರೆ ಸಾಕು.

ಈಗ ತಿದ್ದುವ ಕೆಲಸ. ನನ್ನ ಬಳಿ ರೆಸ್ಯೂಮೆ ತಂದಿದ್ದ ಒಬ್ಬ ಮಹಿಳೆಯ ಅನುಭವ ನಿಮ್ಮದಕ್ಕೆ ಹತ್ತಿರವಾಗಿತ್ತು, ಅದನ್ನೇ ಹೇಳುತ್ತೇನೆ. ಅವರ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬಿಲ್ಲಿಂಗ್ ತಂತ್ರಾಂಶ ಮಾರುವ ಒಂದು ಕಂಪನಿಯ ಸಪೋರ್ಟ್ ಹುದ್ದೆಗೆ ಅವರು ಅರ್ಜಿ ಹಾಕಬೇಕಿತ್ತು. ಜಾಹೀರಾತು ಹೇಳುತ್ತಿದ್ದುದು ಇಷ್ಟು: ಇಮೇಲ್ ಮತ್ತು ಚಾಟ್‌ನಲ್ಲಿ ಗ್ರಾಹಕರಿಗೆ ಉತ್ತರಿಸಬೇಕು, ಪದೇ ಪದೇ ಬರುವ ತೊಂದರೆಗಳನ್ನು ಗುರುತಿಸಿ ಸಹಾಯ ಲೇಖನ ಬರೆಯಬೇಕು, ದೋಷಗಳನ್ನು ಎಂಜಿನಿಯರ್‌ಗಳಿಗೆ ಸ್ಪಷ್ಟವಾಗಿ ವರದಿ ಮಾಡಬೇಕು. ಎರಡು ವರ್ಷದ ಅನುಭವ, ಒಳ್ಳೆಯ ಬರವಣಿಗೆ, ಗ್ರಾಹಕರ ದೂರು ನಿರ್ವಹಿಸುವ ಜೆನ್‌ಡೆಸ್ಕ್ ಅಥವಾ ಅಂಥದ್ದೇ ಸಾಧನದ ಪರಿಚಯ ಕಡ್ಡಾಯ. ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ ಎಸ್‌ಕ್ಯುಎಲ್ ಗೊತ್ತಿದ್ದರೆ ಒಳ್ಳೆಯದು.

ನಾವು ಮೊದಲು ಮಾಡಿದ್ದು ಜಾಹೀರಾತಿಗೆ ಗೆರೆ ಎಳೆಯುವ ಕೆಲಸ. ಬರೆಯುವುದಕ್ಕೆ ಸಂಬಂಧಪಟ್ಟ ಪದಗಳಿಗೆಲ್ಲ ಗೆರೆ ಎಳೆದಾಗ ಲೇಖನ, ವರದಿ, ಬರವಣಿಗೆ ಎಂದು ಒಂದೇ ಬೇಡಿಕೆ ಮೂರು ಕಡೆ ಬಂದಿರುವುದು ಕಂಡಿತು. ಫೋನ್ ಕರೆಯ ಮಾತು ಎಲ್ಲೂ ಇರಲಿಲ್ಲ. ಅಂದರೆ ಈ ಕಂಪನಿ ಹುಡುಕುತ್ತಿರುವುದು ಚೆನ್ನಾಗಿ ಮಾತಾಡುವವರನ್ನಲ್ಲ, ಚೆನ್ನಾಗಿ ಬರೆಯುವವರನ್ನು. ಇದು ಸಹಜ. ಬೇರೆ ಬೇರೆ ಕಡೆ ಕುಳಿತ ತಂಡದಲ್ಲಿ ಒಬ್ಬರಿಗೊಬ್ಬರು ತಿಳಿಸುವುದೆಲ್ಲ ಬರವಣಿಗೆಯಲ್ಲೇ ಆಗಬೇಕು. ಅವರ ರೆಸ್ಯೂಮೆಯ ಮೊದಲ ಸಾಲೋ, ‘ಅತ್ಯುತ್ತಮ ಸಂವಹನ ಕೌಶಲವುಳ್ಳ, ಶ್ರಮಜೀವಿ ವೃತ್ತಿಪರ’ ಎಂದಿತ್ತು. ಅನುಭವದ ಕೆಳಗೆ ಮೊದಲ ಸಾಲು, ‘ಗ್ರಾಹಕರ ಕರೆ ಮತ್ತು ದೂರುಗಳನ್ನು ನಿರ್ವಹಿಸುವ ಜವಾಬ್ದಾರಿ’.

ಗ್ರಾಹಕರ ಒಂದೊಂದು ದೂರಿಗೂ ಪ್ರಶ್ನೆಗೂ ಈ ಕ್ಷೇತ್ರದಲ್ಲಿ ಟಿಕೆಟ್ ಎನ್ನುತ್ತಾರೆ. ನಾನು ಕೇಳಿದೆ, “ದಿನಕ್ಕೆ ಬರವಣಿಗೆಯಲ್ಲಿ ಎಷ್ಟು ಟಿಕೆಟ್ ಮುಗಿಸುತ್ತಿದ್ದಿರಿ?”

“ಸುಮಾರು ನಲವತ್ತು. ಕರೆಗಳು ಬೇರೆ.”

“ಪದೇ ಪದೇ ಬರುತ್ತಿದ್ದ ಪ್ರಶ್ನೆ ಯಾವುದು?”

“ಹಣ ಯಾವಾಗ ವಾಪಸ್ ಬರುತ್ತದೆ ಅನ್ನುವುದು. ಅದಕ್ಕೆ ನಾನೇ ಒಂದು ಪುಟ ಬರೆದಿಟ್ಟಿದ್ದೆ. ಆಮೇಲೆ ಎಲ್ಲರೂ ಅದರ ಲಿಂಕನ್ನೇ ಕಳಿಸುತ್ತಿದ್ದರು.”

ಆ ಪುಟದ ಮಾತು ರೆಸ್ಯೂಮೆಯಲ್ಲಿ ಎಲ್ಲೂ ಇರಲಿಲ್ಲ! ಅದು ತಮ್ಮ ಕೆಲಸದ ವಿವರಣೆಯಲ್ಲಿ ಇರಲಿಲ್ಲವಾದ್ದರಿಂದ ಬರೆಯಲಿಲ್ಲ ಎಂದರು. ಜಾಹೀರಾತು ಕೇಳುತ್ತಿದ್ದುದು ಅದನ್ನೇ. ಹಳೆಯ ಮಾಸಿಕ ವರದಿಗಳನ್ನು ನೆನಪು ಮಾಡಿಕೊಂಡಾಗ, ಆ ಬಗೆಯ ಟಿಕೆಟ್‌ಗಳು ವಾರಕ್ಕೆ ಸುಮಾರು 60 ಇದ್ದದ್ದು 35ಕ್ಕೆ ಇಳಿದಿತ್ತು ಎಂಬುದೂ ಹೊರಬಂತು. ಇನ್ನೊಂದು ಪ್ರಶ್ನೆಗೆ ಇನ್ನೂ ಒಳ್ಳೆಯ ಉತ್ತರ ಸಿಕ್ಕಿತು. ಅವರ ತಂಡದ ಅರ್ಧ ಭಾಗ ಬೇರೆ ದೇಶದಲ್ಲಿತ್ತು, ಪಾಳಿ ಮುಗಿಯುವಾಗ ಬಾಕಿ ಉಳಿದ ಟಿಕೆಟ್‌ಗಳ ಬಗ್ಗೆ ಅವರು ದಿನವೂ ಟಿಪ್ಪಣಿ ಬರೆದಿಡಬೇಕಿತ್ತು. ಕಚೇರಿಯಲ್ಲಿ ಕುಳಿತಿದ್ದರೂ ದೂರದ ತಂಡದೊಂದಿಗೆ ಬರವಣಿಗೆಯ ಮೂಲಕ ದುಡಿದ ಅನುಭವ ಅದು. ರಿಮೋಟ್ ಅನುಭವವೇ ಇಲ್ಲ ಎಂದುಕೊಂಡಿರುವ ನೀವೂ ಇಂಥದ್ದೊಂದು ಇದೆಯೇ ಎಂದು ಹುಡುಕಿ.

ತಿದ್ದಿದ ಸಾಲುಗಳು ಹೀಗಾದವು. ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ, ನಿಮ್ಮ ರೆಸ್ಯೂಮೆ ಮಾತ್ರ ಜಾಹೀರಾತಿನ ಭಾಷೆಯಲ್ಲೇ ಇರಲಿ. ಮೇಲಿನ ಪರಿಚಯ: ‘ಕಸ್ಟಮರ್ ಸಪೋರ್ಟ್‌ನಲ್ಲಿ ನಾಲ್ಕು ವರ್ಷ. ಇಮೇಲ್ ಮತ್ತು ಚಾಟ್ ಬೆಂಬಲ, ಸಹಾಯ ಲೇಖನಗಳು, ದೋಷ ವರದಿ. ಎರಡು ಕಾಲವಲಯಗಳಲ್ಲಿ ಹಂಚಿಹೋದ ತಂಡದಲ್ಲಿ ಕೆಲಸ.’ ಅನುಭವದ ಕೆಳಗೆ: ‘ಇಮೇಲ್ ಮತ್ತು ಚಾಟ್‌ನಲ್ಲಿ ದಿನಕ್ಕೆ ಸುಮಾರು 40 ಟಿಕೆಟ್ ಪರಿಹರಿಸಿದೆ.’ ಅದರ ಕೆಳಗೆ: ‘ಹಣ ಮರುಪಾವತಿಯ ಬಗ್ಗೆ ಸಹಾಯ ಲೇಖನ ಬರೆದೆ, ಆ ಬಗೆಯ ಟಿಕೆಟ್‌ಗಳು ವಾರಕ್ಕೆ ಸುಮಾರು 60ರಿಂದ 35ಕ್ಕೆ ಇಳಿದವು.’ ಮೂರನೆಯದು: ‘ಬೇರೆ ಕಾಲವಲಯದ ತಂಡಕ್ಕೆ ಪ್ರತಿ ಪಾಳಿಯ ಕೊನೆಗೆ ಲಿಖಿತ ಹಸ್ತಾಂತರ ಟಿಪ್ಪಣಿ ಸಿದ್ಧಪಡಿಸಿದೆ.’ ಫೋನ್ ಕರೆಗಳ ಸಾಲನ್ನು ಅಳಿಸಲಿಲ್ಲ, ಐದನೆಯ ಸ್ಥಾನಕ್ಕೆ ಇಳಿಸಿದೆವು. ಕರೆಯ ಕೆಲಸವೇ ಮುಖ್ಯವಾದ ಬೇರೊಂದು ಹುದ್ದೆಗೆ ಅದೇ ಸಾಲು ಮೇಲೇರುತ್ತದೆ.

ಇದರಲ್ಲಿ ಗಮನಿಸಬೇಕಾದದ್ದು ಜಾಹೀರಾತಿನ ಪದಗಳನ್ನೇ ಬಳಸಿದ್ದು. ಅವರ ಹಳೆಯ ಕಚೇರಿಯಲ್ಲಿ ಸಹಾಯ ಲೇಖನಕ್ಕೆ ಬೇರೆಯೇ ಹೆಸರಿತ್ತು. ಹುಡುಕುವವರು ತಮ್ಮ ಪದ ಹಾಕಿ ಹುಡುಕುತ್ತಾರೆ, ಓದುವ ಕಣ್ಣೂ ಆ ಪದವನ್ನೇ ಅರಸುತ್ತದೆ. ಕೆಲಸ ಒಂದೇ ಆಗಿದ್ದರೆ ಅವರ ಪದ ಬಳಸುವುದರಲ್ಲಿ ತಪ್ಪಿಲ್ಲ. ಕೆಲಸ ಬೇರೆಯಾಗಿದ್ದರೆ ಆ ಪದ ನಿಮ್ಮದಲ್ಲ. ಆಕೆ ಬಳಸಿದ್ದು ಫ್ರೆಶ್‌ಡೆಸ್ಕ್, ಜೆನ್‌ಡೆಸ್ಕ್ ಅಲ್ಲ. ಆದ್ದರಿಂದ ಫ್ರೆಶ್‌ಡೆಸ್ಕ್ ಎಂದೇ ಬರೆದು, ಅದರಲ್ಲಿ ಸಿದ್ಧ ಉತ್ತರಗಳನ್ನು ರೂಪಿಸಿದ್ದು, ಟಿಕೆಟ್‌ಗಳನ್ನು ವಿಂಗಡಿಸಿದ್ದು ಎಂದು ಸೇರಿಸಿದೆವು. ‘ಅಂಥದ್ದೇ ಸಾಧನ’ ಎಂದು ಜಾಹೀರಾತೇ ಹೇಳಿದ್ದರಿಂದ ಅಷ್ಟು ಸಾಕಿತ್ತು. ಎಸ್‌ಕ್ಯುಎಲ್ ಬರುತ್ತಿರಲಿಲ್ಲ, ಬರೆಯಲಿಲ್ಲ. ಕಡ್ಡಾಯವಾದ ಬೇಡಿಕೆಗಳೆಲ್ಲ ಪೂರೈಸಿದ್ದಾಗ ‘ಇದ್ದರೆ ಒಳ್ಳೆಯದು’ ಎಂಬ ಒಂದು ಇಲ್ಲದಿದ್ದರೂ ಅರ್ಜಿ ಹಾಕಬಹುದು. ಕಡ್ಡಾಯದಲ್ಲೇ ಎರಡು ಮೂರು ಇಲ್ಲವೆಂದಾದರೆ ಆ ಸಂಜೆಯನ್ನು ಬೇರೆ ಜಾಹೀರಾತಿಗೆ ಕೊಡಿ.

ಹುದ್ದೆಯ ಹೆಸರನ್ನು ತಿದ್ದಬೇಡಿ, ದಿನಾಂಕಗಳನ್ನಂತೂ ಮುಟ್ಟಲೇಬೇಡಿ. ಹಿನ್ನೆಲೆ ಪರಿಶೀಲನೆಯಲ್ಲಿ ಹಳೆಯ ಕಂಪನಿಯನ್ನು ಕೇಳುವುದೇ ಈ ಎರಡನ್ನು. ಆಕೆಯ ಅಧಿಕೃತ ಹುದ್ದೆ ‘ಪ್ರೋಸೆಸ್ ಅಸೋಸಿಯೇಟ್’. ಹೊರಗಿನವರಿಗೆ ಅದರಿಂದ ಏನೂ ತಿಳಿಯದು. ಅದನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಗೆರೆ ಹಾಕಿ ‘ಗ್ರಾಹಕ ಬೆಂಬಲ ವಿಭಾಗ’ ಎಂದು ಸೇರಿಸಿದೆವು.

ಎಷ್ಟು ಬದಲಿಸಬೇಕು ಎಂದರೆ, ಪರಿಚಯದ ಎರಡು ಮೂರು ಸಾಲು, ಇತ್ತೀಚಿನ ಕೆಲಸದ ಕೆಳಗಿನ ಮೊದಲ ಮೂರು ನಾಲ್ಕು ಸಾಲು, ಕೌಶಲಗಳ ಕ್ರಮ. ಅಷ್ಟೇ. ಹಳೆಯ ಕೆಲಸಗಳು, ಓದು, ವಿನ್ಯಾಸ ಹಾಗೆಯೇ ಇರಲಿ. ಪ್ರತಿ ಸಲ ಹೊಸದಾಗಿ ಬರೆಯದಿರಲು ಒಂದು ಮೂಲ ಕಡತ ಇಟ್ಟುಕೊಳ್ಳಿ. ಅದು ಯಾರಿಗೂ ಕಳಿಸುವುದಕ್ಕಲ್ಲ. ನೀವು ಮಾಡಿದ ಪ್ರತಿಯೊಂದು ಕೆಲಸ, ಸಂಖ್ಯೆ, ಸಾಧನ ಎಲ್ಲವೂ ಅಲ್ಲಿರಲಿ, ನಾಲ್ಕೈದು ಪುಟವಾದರೂ ಸರಿ. ಪ್ರತಿ ಅರ್ಜಿಗೂ ಅಲ್ಲಿಂದ ಆರಿಸಿ ಒಂದು ಪುಟಕ್ಕೆ ಇಳಿಸುತ್ತೀರಿ. ಮೊದಲ ಸಲ ಒಂದು ಗಂಟೆ ಹಿಡಿಯಬಹುದು, ಮೂಲ ಕಡತ ತುಂಬಿದ ಮೇಲೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ಕಳಿಸಿದ ರೆಸ್ಯೂಮೆಯ ಜೊತೆಗೆ ಜಾಹೀರಾತಿನ ಪೂರ್ತಿ ಪಠ್ಯವನ್ನೂ ಉಳಿಸಿಕೊಳ್ಳಿ, ಲಿಂಕ್ ಸಾಲದು. ಕರೆ ಬರುವ ಹೊತ್ತಿಗೆ ಜಾಹೀರಾತನ್ನು ತೆಗೆದುಹಾಕಿರಬಹುದು, ಆಗ ಯಾವ ಕೆಲಸಕ್ಕೆ ಯಾವ ಸಾಲು ಬರೆದಿದ್ದಿರಿ ಎಂಬುದೇ ತಿಳಿಯದೆ ಫೋನ್ ಎತ್ತಬೇಕಾಗುತ್ತದೆ. ಆ ಮಹಿಳೆಗೆ ಮೊದಲ ಕರೆಯಲ್ಲೇ ಸಹಾಯ ಲೇಖನದ ಬಗ್ಗೆ ಕೇಳಿದರು: ಹೇಗೆ ಬರೆದಿರಿ, ಟಿಕೆಟ್ ಇಳಿದದ್ದು ಅದರಿಂದಲೇ ಎಂದು ಹೇಗೆ ಗೊತ್ತಾಯಿತು? ರೆಸ್ಯೂಮೆಯ ಪ್ರತಿ ಸಂಖ್ಯೆಗೂ ಇಂಥ ಪ್ರಶ್ನೆ ಬರುತ್ತದೆ. ಎರಡು ನಿಮಿಷ ವಿವರಿಸಲಾಗದ ಸಾಲನ್ನು ಬರೆಯಬೇಡಿ.

ಒಂದು ಹಾಳೆಯಲ್ಲಿ ಅರ್ಜಿಯ ದಿನಾಂಕ, ಉತ್ತರ ಬಂದ ದಿನಾಂಕ ಬರೆದಿಡಿ. ಸ್ಥಳ ಹೊಂದುವ, ಕಡ್ಡಾಯ ಬೇಡಿಕೆಗಳು ಹೊಂದುವ ಇಪ್ಪತ್ತು ಅರ್ಜಿ ತಿದ್ದಿ ಕಳಿಸಿದ ಮೇಲೂ ಮೌನವೇ ಆದರೆ ರೆಸ್ಯೂಮೆಯ ಮೇಲ್ಭಾಗವನ್ನು ಅದೇ ಕ್ಷೇತ್ರದವರೊಬ್ಬರಿಗೆ ತೋರಿಸಿ, ಹತ್ತು ಸೆಕೆಂಡು ಓದಿ ನೀವು ಏನು ಕೆಲಸ ಮಾಡುತ್ತೀರಿ ಎಂದು ಹೇಳಲು ಕೇಳಿ. ಅವರ ಉತ್ತರ ಜಾಹೀರಾತಿನ ಹುದ್ದೆಗೆ ಹೊಂದದಿದ್ದರೆ ತಿದ್ದಬೇಕಾದದ್ದು ಆ ಭಾಗ. ಮೊದಲ ಕರೆಗಳು ಬಂದೂ ಮುಂದಕ್ಕೆ ಹೋಗುತ್ತಿಲ್ಲವಾದರೆ ರೆಸ್ಯೂಮೆಯನ್ನು ಮತ್ತೆ ಮತ್ತೆ ತಿದ್ದುವುದು ಬಿಡಿ. ಅದರ ಕೆಲಸ ಮುಗಿದಿದೆ, ಇನ್ನು ತಯಾರಿ ಬೇಕಿರುವುದು ಸಂದರ್ಶನಕ್ಕೆ.